ಎಡಗೈ ನೋವು: ಕತ್ತಿಂದಾ, ಹಾರ್ಟ್‌ದಾ?

ಇಂಟರ್ನಲ್ಸ್ ವಾರದಲ್ಲಿ ನಮ್ಮ ರೂಮ್‌ಮೇಟ್‌ಗೆ ಕತ್ತು ಹಿಡಿದುಕೊಂಡಿತು. ಎರಡು ದಿನದಲ್ಲಿ ನೋವು ಎಡ ಭುಜದಿಂದ ಕೈಗೆ ಇಳಿಯಿತು. "ಹಾರ್ಟ್ ಇರಬಹುದೇನ್ರೋ?" ಅಂದ. ನಾವ್ಯಾರೂ ನಗಲಿಲ್ಲ, ಡಾಕ್ಟರ್ ಹತ್ರ ಕರ್ಕೊಂಡು ಹೋದ್ವಿ.

ಅವರು ಮೊದಲು ಇಸಿಜಿ ಮಾಡಿಸಿದರು. ನಾರ್ಮಲ್ ಬಂತು. ಆಮೇಲೆ ಅವನ ತಲೆಯನ್ನು ಸ್ವಲ್ಪ ಹಿಂದಕ್ಕೆ, ಎಡಕ್ಕೆ ವಾಲಿಸಿ ಮೇಲಿಂದ ಮೆಲ್ಲಗೆ ಒತ್ತಿದರು. ಕರೆಂಟ್ ಹೊಡೆದ ಹಾಗೆ ನೋವು ಹೆಬ್ಬೆರಳು, ತೋರುಬೆರಳಿನವರೆಗೂ ಓಡಿತು. ಕೈ ಎತ್ತಿ ತಲೆ ಮೇಲೆ ಇಟ್ಟುಕೊಂಡಾಗ ಕಡಿಮೆಯಾಯಿತು. ಆ ಎರಡು ಬೆರಳಿಗೆ ಬರೋದು ಕತ್ತಿನ ಆರನೇ ನರ, ಅದು ಹೊರಬರುವ ಸಂದಿಯಲ್ಲೇ ಒತ್ತಿಕೊಂಡಿದೆ ಅಂದರು. ಈ ಪರೀಕ್ಷೆಯನ್ನ ರೂಮಲ್ಲಿ ಮಾಡಬೇಡಿ ಅಂತಲೂ ಹೇಳಿದರು.

ಹಾರ್ಟ್ ನೋವು ಸಾಮಾನ್ಯವಾಗಿ ಕತ್ತು ತಿರುಗಿಸಿದರೆ ಬದಲಾಗಲ್ಲ. ಮೆಟ್ಟಿಲು ಹತ್ತಿದರೆ ಜಾಸ್ತಿ, ಕೂತರೆ ಕಡಿಮೆ ಆಗಬಹುದು. ಎದೆ ಹಿಂಡಿದ ಹಾಗಿರುತ್ತೆ, ಇಲ್ಲೇ ಅಂತ ಬೆರಳಿಟ್ಟು ತೋರಿಸೋಕೆ ಆಗಲ್ಲ. ಹೃದಯದ ನರಗಳೂ ತೋಳಿನ ಒಳಭಾಗದ ನರಗಳೂ ಬೆನ್ನುಹುರಿಗೆ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಸೇರುತ್ತವೆ. ಸಿಗ್ನಲ್ ಯಾವ ವೈರಿಂದ ಬಂತು ಅನ್ನೋದು ಮೆದುಳಿಗೆ ಸರಿಯಾಗಿ ಗೊತ್ತಾಗಲ್ಲ.

ಆದರೆ ಕತ್ತು ನೋವಿರೋರಿಗೂ ಹಾರ್ಟ್ ಅಟ್ಯಾಕ್ ಆಗಬಹುದು. ಒಂದು ಇಸಿಜಿ ನಾರ್ಮಲ್ ಬಂದರೆ ಸಾಲದು. ಅನುಮಾನವಿದ್ದರೆ ಮತ್ತೆ ಇಸಿಜಿ, ಟ್ರೋಪೊನಿನ್ ರಕ್ತಪರೀಕ್ಷೆ ಮಾಡುತ್ತಾರೆ. ಕೈ ನೋವಿನ ಜೊತೆ ಎದೆ ಭಾರ, ತಣ್ಣನೆ ಬೆವರು, ಉಸಿರಾಟದ ಕಷ್ಟ, ವಾಕರಿಕೆ ಕಂಡರೆ ನಾವು ಕತ್ತು ತಿರುಗಿಸಿ ನೋಡುತ್ತಾ ಕೂರೋದಿಲ್ಲ. ಮೊದಲು 108.