ಜೋರಾಗಿ ಕೂಗೋನಿಗೆ ಮೊದಲು ಕೊಡಬೇಡಿ (ಸಾಲದ ಲೆಕ್ಕ, ಭಾಗ 6)

ಐಪಿಎಲ್ ಮುಗಿದ ಮೇಲೆ ನಮ್ಮ ನಗರಗೆರೆ ಕಡೆ ಕೆಲವು ಮನೆಗಳಲ್ಲಿ ಇನ್ನೊಂದು ಆಟ ಶುರುವಾಗುತ್ತೆ. ಸಾಲಗಾರರ ಫೋನು. ಆ ಫೋನ್ ಬರ್ತಿರೋರಿಗೆ, ಅವರ ಅಣ್ಣ ತಮ್ಮಂದಿರಿಗೆ ಈ ಸಲದ ಭಾಗ. ಉದ್ದ ಇದೆ, ಸೇವ್ ಮಾಡಿಟ್ಕೊಂಡು ನಿಧಾನವಾಗಿ ಓದಿ.

ನನಗೆ ಗೊತ್ತಿರೋ ಒಬ್ಬ ಅಣ್ಣನ ಲೆಕ್ಕ ಹೇಳ್ತೀನಿ. ಅವರನ್ನ ಕೇಳಿಯೇ ಬರೀತಿದ್ದೀನಿ, ಗುರುತು ಹೇಳಲ್ಲ. ಗೌರಿಬಿದನೂರು ಕಡೆ ಫ್ಯಾಕ್ಟರಿ ಕೆಲಸ, ಕೈಗೆ 18,000 ಸಂಬಳ. ಬೆಟ್ಟಿಂಗಿನಿಂದ ಐದು ಕಡೆ ಬಾಕಿ ಆಗಿತ್ತು. ಬುಕ್ಕಿಗೆ 40,000. ಮೀಟರ್ ಬಡ್ಡಿಯವರ ಹತ್ರ 30,000. ಒಂದು ಲೋನ್ ಆ್ಯಪ್‌ಗೆ 5,000. ಅಮ್ಮನ ಹೆಸರಲ್ಲಿ ಸಂಘದ ಸಾಲ, ತಿಂಗಳಿಗೆ 2,600 ಕಂತು. ಅಮ್ಮನ ಒಡವೆ ಬ್ಯಾಂಕಲ್ಲಿಟ್ಟು ತಂದ 60,000.

ಸಂಬಳ ಬಂದ ದಿನ ಅಣ್ಣ ದುಡ್ಡು ಕೊಡ್ತಿದ್ದ ಕ್ರಮ ನೋಡಿ. ಮೊದಲು ಬುಕ್ಕಿ, ಆಮೇಲೆ ಆ್ಯಪ್, ಆಮೇಲೆ ಮೀಟರ್ ಬಡ್ಡಿ. ಯಾರು ಜಾಸ್ತಿ ಕೂಗಾಡ್ತಾರೋ ಅವರಿಗೆ ಮೊದಲು. ಸಂಘದ ಕಂತಿಗೆ ಅಮ್ಮ ಕೂಲಿಗೆ ಹೋಗ್ತಿದ್ರು. ಬ್ಯಾಂಕು ಸುಮ್ಮನಿತ್ತು, ಅದಕ್ಕೇ ಅದು ಕೊನೆಗೆ.

ಕಾನೂನು ನೋಡಿದ್ರೆ ಈ ಕ್ರಮ ಪೂರ್ತಿ ತಲೆಕೆಳಗು.

ಬುಕ್ಕಿ ಬಾಕಿಯಿಂದ ಶುರು ಮಾಡೋಣ. ಬಿಕಾಂನಲ್ಲಿ ನಾವೆಲ್ಲ ಓದೋ 1872ರ ಭಾರತೀಯ ಕರಾರು ಕಾಯ್ದೆ ಇದೆಯಲ್ಲ, ಅದರ 30ನೇ ಸೆಕ್ಷನ್ ಪ್ರಕಾರ ಬಾಜಿ ಕಟ್ಟಿದ ಕರಾರು ಶೂನ್ಯ. ಗೆದ್ದೋನು ಕೋರ್ಟಿಗೆ ಹೋಗಿ ಆ ದುಡ್ಡು ವಸೂಲಿ ಮಾಡೋಕಾಗಲ್ಲ. ಆದ್ರೆ ಒಂದು ಎಚ್ಚರ. ಬಾಜಿ ಕಟ್ಟೋಕೆ ಅಂತ ಸ್ನೇಹಿತನ ಹತ್ರ ತಗೊಂಡ ಕೈಸಾಲ ಹಾಗೆ ಶೂನ್ಯ ಆಗಲ್ಲ. ಬಾಜಿ ಕರಾರು ಶೂನ್ಯ ಆದ್ರೂ ಅದಕ್ಕೆ ಹೊಂದಿಕೊಂಡ ಬೇರೆ ಕರಾರು ನಿಲ್ಲುತ್ತೆ ಅಂತ ಸುಪ್ರೀಂ ಕೋರ್ಟ್ 1959ರಲ್ಲೇ ಘೇರುಲಾಲ್ ಪಾರಖ್ ಕೇಸಲ್ಲಿ ಹೇಳಿದೆ. ಬುಕ್ಕಿಗಳಿಗೂ ಈ ವ್ಯತ್ಯಾಸ ಗೊತ್ತು. ಅದಕ್ಕೇ "ಬಾಕಿ ಇರ್ಲಿ ಬಿಡಪ್ಪ, ಸಾಲ ತಗೊಂಡೆ ಅಂತ ಒಂದು ಪ್ರೋನೋಟ್ ಬರ್ಕೊಡು" ಅಂತ ನಯವಾಗಿ ಕೇಳ್ತಾರೆ. ಸಹಿ ಹಾಕಿದ್ರೆ ಬಾಜಿಯ ಬಾಕಿ ಕಾಗದದ ಮೇಲೆ ಸಾಲ ಆಗಿಬಿಡುತ್ತೆ. ಅದು ಸಾಲ ಅಲ್ಲ ಅಂತ ಸಾಬೀತು ಮಾಡೋ ಕಷ್ಟ ನಿಮ್ಮ ತಲೆಗೆ ಬರುತ್ತೆ. ಪ್ರೋನೋಟ್ ಬೇಡ, ಖಾಲಿ ಚೆಕ್ಕೂ ಬೇಡ. ಕೋರ್ಟಿಗೆ ಹೋಗೋಕಾಗದೋರು ಮನೆ ಹತ್ರ ಬರಬಹುದು, ಆ ಭಯ ನಿಜ. ಒಬ್ಬರೇ ಮಾತಾಡೋಕೆ ಹೋಗಬೇಡಿ, ಮೆಸೇಜ್ ಅಳಿಸಬೇಡಿ, ಬೆದರಿಕೆ ಬಂದ್ರೆ 112.

ಇನ್ನು ಮೀಟರ್ ಬಡ್ಡಿ. "ಹತ್ತು ರೂಪಾಯಿ ಬಡ್ಡಿ" ಅಂತಾರೆ, ಬ್ಯಾಂಕ್ ಒಡವೆ ಸಾಲಕ್ಕೂ ಹತ್ತರ ಆಸುಪಾಸು ಅಂತಾರೆ. ಕಿವಿಗೆ ಎರಡೂ ಹತ್ತೇ. ಬ್ಯಾಂಕಿನ ಹತ್ತು ನೂರಕ್ಕೆ ವರ್ಷಕ್ಕೆ. ಮೀಟರ್ ಬಡ್ಡಿಯವರ ಹತ್ತು ನೂರಕ್ಕೆ ತಿಂಗಳಿಗೆ, ಅಂದ್ರೆ ವರ್ಷಕ್ಕೆ 120. ಯಾರೇ ಬಡ್ಡಿ ಹೇಳಿದ್ರೂ ಮೊದಲು ವರ್ಷದ ಲೆಕ್ಕಕ್ಕೆ ತನ್ನಿ. ಕರ್ನಾಟಕದಲ್ಲಿ ಲೇವಾದೇವಿಯವರು ಅಡಮಾನ ಇಲ್ಲದ ಸಾಲಕ್ಕೆ ವರ್ಷಕ್ಕೆ ಶೇ. 16, ಅಡಮಾನ ಇದ್ರೆ ಶೇ. 14ಕ್ಕಿಂತ ಹೆಚ್ಚು ಹಾಕೋ ಹಾಗಿಲ್ಲ. ಹೆಚ್ಚು ಬಡ್ಡಿ ತಡೆಯೋಕೇ 2004ರ ಒಂದು ಕಾಯ್ದೆ ಇದೆ.

ಅಣ್ಣ ಐದು ತಿಂಗಳಲ್ಲಿ ಬರೀ ಬಡ್ಡಿಯೇ 15,000 ಕಟ್ಟಿದ್ರು, ಅಸಲು ಅಲ್ಲಾಡಿರಲಿಲ್ಲ. ಕಾನೂನಿನ ಬಡ್ಡಿ ತಿಂಗಳಿಗೆ 400, ಐದು ತಿಂಗಳಿಗೆ 2,000. ಉಳಿದ 13,000 ಅಸಲಿಗೆ ಹಾಕಿದ್ರೆ ಬಾಕಿ 17,000 ಅಷ್ಟೇ. ಈ ಲೆಕ್ಕ ಒಂದು ಹಾಳೇಲಿ ಬರ್ಕೊಂಡು, ಸಂಬಳ ಬರೋಕೆ ಮುಂಚೆ, ಊರಲ್ಲಿ ಮಾತು ನಡೆಯೋ ಸೋದರಮಾವನನ್ನ ಕರ್ಕೊಂಡು ಹೋದ್ರು. ಹೇಳಿದ್ದು ಇಷ್ಟೇ: "ಅಣ್ಣಾ, ನಿಮ್ಮ ದುಡ್ಡು ಮುಳುಗಿಸಲ್ಲ. ಬಡ್ಡಿ ಇವತ್ತಿಗೆ ನಿಲ್ಲಿಸಿ. ಅಸಲು ಕಂತಲ್ಲಿ ಕೊಡ್ತೀನಿ. ಇದಕ್ಕಿಂತ ಜಾಸ್ತಿ ನನ್ನ ಕೈಲಾಗಲ್ಲ, ಇದೋ ಸಂಬಳದ ಚೀಟಿ." ಆ ಕಡೆಯವರು ಮೊದಲು ರೇಗಿದ್ರು. ಆಮೇಲೆ ಮಾವ ಕೂತು ಮಾತಾಡಿ, ಕೊನೆಗೆ 20,000ಕ್ಕೆ ಇಳಿದ್ರು, ತಿಂಗಳಿಗೆ 4,000ದಂತೆ ಐದು ಕಂತು.

ಇಲ್ಲಿ ಮೂರು ವಿಷಯ ಬಿಡಬೇಡಿ. ಒಪ್ಪಂದ ಬರವಣಿಗೆಯಲ್ಲಿ ಇರಲಿ. ಕಂತು ನಗದಲ್ಲಿ ಬೇಡ, ಫೋನ್‌ಪೇನೋ ಬ್ಯಾಂಕೋ ಇರಲಿ, ದಾಖಲೆ ಉಳಿಯುತ್ತೆ. ಕೊನೆ ಕಂತಿನ ದಿನ ಸಹಿ ಮಾಡಿದ ಖಾಲಿ ಚೆಕ್ಕು, ಪ್ರೋನೋಟು ವಾಪಸ್ ಕೈಗೆ ಬರಬೇಕು. ಚೆಕ್ಕು ಅವರ ಹತ್ರಾನೇ ಉಳಿದ್ರೆ ನಾಳೆ ಬ್ಯಾಂಕಿಗೆ ಹಾಕಿ ಬೌನ್ಸ್ ಕೇಸ್ ಮಾಡಬಹುದು. ಅಂಥ ನೋಟಿಸ್ ಬಂದ್ರೆ ಸುಮ್ಮನೆ ಇಟ್ಕೋಬೇಡಿ, ಹಣ ಕಟ್ಟೋಕೆ ಕೈಗೆ ಬಂದ ಮೇಲೆ 15 ದಿನ ಅಷ್ಟೇ ಟೈಮು, ಅಷ್ಟರೊಳಗೆ ವಕೀಲರನ್ನ ನೋಡಿ. ಹೊಡೆದು ಬಡಿದು ವಸೂಲಿ ಮಾಡೋರ ಮೇಲೆ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂತು, 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಮಾತುಕತೆಯಲ್ಲಿ ಇದನ್ನ ಜೋರಾಗಿ ಹೇಳೋದೇನೂ ಬೇಡ, ಜೊತೆಗೆ ಬಂದ ಹಿರಿಯರಿಗೆ ಗೊತ್ತಿದ್ರೆ ಸಾಕು.

ಆ್ಯಪ್ ಕಥೆ ಬೇರೆ. 5,000 ಸಾಲ ಅಂದ್ರು, ಕೈಗೆ ಬಂದಿದ್ದು 3,500, ಏಳು ದಿನಕ್ಕೆ 5,000 ವಾಪಸ್. ವಾರಕ್ಕೇ ನೂರಕ್ಕೆ 43ರ ಹತ್ರ ಆಯ್ತು. ಅದನ್ನ ತೀರಿಸೋಕೆ ಇನ್ನೊಂದು ಆ್ಯಪ್, ಅದಕ್ಕೆ ಮತ್ತೊಂದು, ಹೀಗೇ ಸಿಕ್ಕಿಹಾಕೋದು. ಆ್ಯಪ್ ಸರಿಯಾದದ್ದೋ ಅಲ್ವೋ ಅಂತ ನೋಡೋಕೆ ರಿಸರ್ವ್ ಬ್ಯಾಂಕ್ ನಿಯಮವೇ ಸಾಕು. ಸಾಲ ಕೊಡ್ತಿರೋ ಬ್ಯಾಂಕು ಅಥವಾ ನೋಂದಾಯಿತ ಹಣಕಾಸು ಸಂಸ್ಥೆಯ ಹೆಸರು ಕಾಣಬೇಕು, ಎಲ್ಲ ಶುಲ್ಕ ಸೇರಿಸಿದ ವಾರ್ಷಿಕ ದರ ಇರೋ ಹಾಳೆ ಮೊದಲೇ ಕೊಡಬೇಕು, ನಿಮ್ಮ ಕಾಂಟ್ಯಾಕ್ಟು, ಫೋಟೋ ಮುಟ್ಟೋ ಹಾಗಿಲ್ಲ. ಅಣ್ಣನ ಆ್ಯಪಲ್ಲಿ ಇವು ಯಾವುದೂ ಇರಲಿಲ್ಲ. ಸ್ಕ್ರೀನ್‌ಶಾಟ್ ತೆಗೆದಿಟ್ಟು, ಪರ್ಮಿಷನ್ ಎಲ್ಲ ತೆಗೆದು, 1930ಕ್ಕೆ ಫೋನ್ ಮಾಡಿ cybercrime.gov.in ನಲ್ಲಿ ದೂರು ಕೊಟ್ರು. ನೆಂಟರಿಗೆಲ್ಲ ಮೊದಲೇ ಒಂದು ಮೆಸೇಜ್ ಹಾಕಿದ್ರು: "ನನ್ನ ಹೆಸರಲ್ಲಿ ಕೆಟ್ಟ ಫೋಟೋ ಬಂದ್ರೆ ನಂಬಬೇಡಿ, ದೂರು ಕೊಟ್ಟಿದ್ದೀನಿ." ಮರ್ಯಾದೆ ಹೋಗುತ್ತೆ ಅನ್ನೋ ಭಯವೇ ಆ ಆ್ಯಪ್‌ನವರ ಅಡಮಾನ. ಈ ಮೆಸೇಜಿಂದ ಅದು ಅವರ ಕೈ ತಪ್ಪಿತು.

ಈಗ ಸುಮ್ಮನಿದ್ದೋರ ಸರದಿ. ಸಂಘದ ಕಂತು ತಪ್ಪಿದ್ರೆ ಅಮ್ಮನ ಪಕ್ಕ ಕೂರೋ ಹೆಂಗಸರೇ ಕೈಯಿಂದ ಹಾಕಬೇಕು. ಬೀದಿಯಲ್ಲಿ ತಲೆ ಎತ್ತಿ ನಡೆಯೋದು ಅಮ್ಮ, ಬೆಟ್ ಕಟ್ಟಿದ ಮಗ ಅಲ್ಲ. ಒಡವೆ ಗಡುವು ಮೀರಿದ್ರೆ ಹರಾಜು. ಅದಕ್ಕೇ ಇವೆರಡೂ ಮೊದಲು.

ಹೊಸ ಕ್ರಮ ಹೀಗಾಯ್ತು. 18,000ದಲ್ಲಿ ಮನೆ ಖರ್ಚು 9,000. ಸಂಘಕ್ಕೆ 2,600. ಒಡವೆ ಬಡ್ಡಿಗೆ ಅಂತ ತಿಂಗಳಿಗೆ 500 ಬೇರೆ ಎತ್ತಿಡೋದು. ಮೀಟರ್ ಬಡ್ಡಿಯವರಿಗೆ 4,000. ಉಳಿಯೋ 1,900 ಆಸ್ಪತ್ರೆ, ಹಬ್ಬ, ತುರ್ತಿಗೆ. ಅದು ಇಲ್ಲದಿದ್ರೆ ಮುಂದಿನ ಜ್ವರಕ್ಕೇ ಹೊಸ ಸಾಲ. ಐದು ತಿಂಗಳಾದ ಮೇಲೆ ಆ 4,000 ನೇರವಾಗಿ ಒಡವೆ ಅಸಲಿಗೆ.

ಸಂಬಳ ಬಂದ ದಿನವೇ ಅಮ್ಮನ ಖಾತೆಗೆ ಹೋಗೋ ಹಾಗೆ ಮಾಡಿದ್ರು. ಯಾಕಂದ್ರೆ "ಒಂದೇ ಮ್ಯಾಚ್, ಎಲ್ಲ ವಾಪಸ್ ಬರುತ್ತೆ" ಅನ್ನೋ ಯೋಚನೆ ಸಂಬಳದ ರಾತ್ರಿಯೇ ಬರೋದು. ದುಡ್ಡಿನ ಆಟದ ಆ್ಯಪ್‌ಗಳನ್ನ ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ಕಾಯ್ದೆ ತಂದು ನಿಷೇಧಿಸಿದೆ, ಆದ್ರೂ ಟೆಲಿಗ್ರಾಂ ಲಿಂಕು ಬರ್ತಾನೇ ಇರುತ್ತೆ. ಆ ರಾತ್ರಿ ತಡೆಯೋಕಾಗದಿದ್ರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಇವತ್ತು ಒಂದು ಹಾಳೆ ತಗೊಂಡು ಎಲ್ಲ ಬಾಕಿ ಬರೀರಿ. ಪ್ರತಿಯೊಂದರ ಮುಂದೆ ವರ್ಷಕ್ಕೆ ಎಷ್ಟು ಬಡ್ಡಿ, ಕಟ್ಟದಿದ್ರೆ ಯಾರಿಗೆ ನಷ್ಟ ಅಂತ ಎರಡೇ ಕಾಲಂ. ಮುಂದಿನ ಭಾಗದಲ್ಲಿ ಮನೆಯವರಿಗೆ ಈ ಹಾಳೆ ತೋರಿಸೋದು ಹೇಗೆ ಅಂತ ಬರೀತೀನಿ.

#ಸಾಲದಲೆಕ್ಕ #ನಗರಗೆರೆ #ಗೌರಿಬಿದನೂರು