ಗೆರೆ ಮೇಲೆ ಮಗ, ಗೆರೆ ಕೆಳಗೆ ನಾನು

ಹಾಲಿನ ಸೊಸೈಟಿಯಲ್ಲಿ ಹನ್ನೆರಡು ವರ್ಷ ಲೆಕ್ಕ ಬರೆದವಳು ನಾನು. ಸಿನಿಮಾ ಲೆಕ್ಕ ಬರೆಯೋ ದಿನ ಬರುತ್ತೆ ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ.

ಮಗ ಹದಿನೈದು ನಿಮಿಷದ ಕಿರುಚಿತ್ರ ಮಾಡಬೇಕು ಅಂತ ಹೊರಟಿದ್ದ. ನಮ್ಮ ಪಾವಗಡದ ತಿರುಮಣಿ ಕಡೆ ಸೋಲಾರ್ ಪಾರ್ಕ್ ಬಂದ ಮೇಲೆ ಕುರಿ ಮೇಯಿಸಲು ಜಾಗ ಹುಡುಕುತ್ತಾ ನಿಡುಗಲ್ಲು ಬೆಟ್ಟ ಹತ್ತುವ ಮುದುಕನ ಕಥೆ. ಧನಸಹಾಯಕ್ಕೆ ಹಾಕಿದ್ದ ಅರ್ಜಿ ಒಂದೇ ಪ್ರಶ್ನೆ ಹೊತ್ತು ವಾಪಸ್ ಬಂದಿತ್ತು: "ಅಬೋವ್ ದ ಲೈನ್ ವೆಚ್ಚ ಸೊನ್ನೆ ಏಕೆ?"

"ಅಮ್ಮಾ, ಕಥೆ ನಂದೇ, ನಿರ್ದೇಶನ ನಂದೇ. ನನಗೆ ನಾನೇ ಸಂಬಳ ಬರ್ಕೊಳ್ಳಲಾ?" ಅಂದ.

"ಮೊದಲು ಆ ಗೆರೆ ಯಾವುದು ಅಂತ ಹೇಳೋ" ಅಂದೆ.

ಬಜೆಟ್ಟಿನ ಮೊದಲ ಪುಟದಲ್ಲಿ ನಿಜವಾಗಲೂ ಒಂದು ಗೆರೆ ಎಳೆಯುತ್ತಿದ್ದರಂತೆ. ಕಥೆ, ನಿರ್ಮಾಪಕ, ನಿರ್ದೇಶಕ, ಮುಖ್ಯ ನಟರು ಗೆರೆಯ ಮೇಲೆ. ಇವರ ಹಣ ಶೂಟಿಂಗಿಗೆ ಮೊದಲೇ ಮಾತಾಡಿ ಗೊತ್ತುಮಾಡುವಂಥದ್ದು. ಕ್ಯಾಮೆರಾ, ಸೌಂಡ್, ವ್ಯಾನು, ಊಟ, ಎಡಿಟಿಂಗ್ ಎಲ್ಲ ಗೆರೆಯ ಕೆಳಗೆ. ಚಿತ್ರವನ್ನು ಕಣ್ಣಿಗೆ ಕಟ್ಟಿಕೊಡುವ ಕ್ಯಾಮೆರಾಮನ್ ಕೂಡ ಕೆಳಗೇ! ನನಗೆ ಅರ್ಥವಾದ ಗುರುತು ಇಷ್ಟು: ಶೂಟಿಂಗ್ ಒಂದು ದಿನ ಹೆಚ್ಚಾದರೆ ಯಾವ ಖರ್ಚು ತಾನಾಗಿ ಏರುತ್ತೋ ಅದು ಹೆಚ್ಚಾಗಿ ಗೆರೆಯ ಕೆಳಗಿನದು.

ಹಾಗಾದರೆ ಮಗನ ದುಡಿಮೆ ಸೊನ್ನೆಯಲ್ಲ. ಸೊನ್ನೆ ಬರೆದರೆ ಹಣ ಕೊಡುವವರಿಗೆ ಇವನಿಗೆ ಲೆಕ್ಕ ಗೊತ್ತಿಲ್ಲ ಅನ್ನಿಸುತ್ತೆ, ಇಲ್ಲವೇ ಬೇರೆ ಯಾವುದೋ ಖಾನೆಯಲ್ಲಿ ಬಚ್ಚಿಟ್ಟಿದ್ದಾನೆ ಅನ್ನಿಸುತ್ತೆ. ಚಿತ್ರಕಥೆಗೆ 10,000, ನಿರ್ದೇಶನಕ್ಕೆ 15,000 ಬರೆದು, ಪಕ್ಕದ ಖಾನೆಯಲ್ಲಿ 'ಸ್ವಂತ ಕೊಡುಗೆ, ನಗದು ಬೇಡ' ಅಂತ ನಮೂದಿಸಿದೆವು. ಇಬ್ಬರು ನಟರಿಗೆ 20,000. ಗೆರೆಯ ಮೇಲೆ ಒಟ್ಟು 45,000 ಆಯಿತು.

ಗೆರೆಯ ಕೆಳಗೆ ಬರೆಯುವ ಮೊದಲು ಬೆಟ್ಟ ನೋಡಿಬರೋಣ ಅಂದೆ. ಬರೀ ನೀರಿನ ಬಾಟಲಿ ಹಿಡಿದು ಹತ್ತಿದ್ದಕ್ಕೇ ನನ್ನ ಮೊಣಕಾಲು ಕೂಗಿಕೊಂಡವು. ಕ್ಯಾಮೆರಾ, ಲೆನ್ಸು, ಬ್ಯಾಟರಿ ಪೆಟ್ಟಿಗೆ ಯಾರು ಹೊರಬೇಕು? ಕೆಳಗೆ ಸೋಲಾರ್ ಫಲಕಗಳ ಸಾಗರವಿದ್ದರೂ ನಾವು ಶೂಟಿಂಗಿಗೆ ಗೊತ್ತುಮಾಡಿದ ಬಂಡೆಯ ಹತ್ತಿರ ಒಂದು ಪ್ಲಗ್ ಪಾಯಿಂಟ್ ಇಲ್ಲ. ಮಗನ ಹಳೇ ಪಟ್ಟಿಯಲ್ಲಿ ಇದು ಯಾವುದೂ ಇರಲಿಲ್ಲ. ಇಳಿದು ಬಂದು ನಾಲ್ಕು ಜನ ಹೊರುವವರಿಗೆ ತಲಾ 700ರಂತೆ 2,800 ಸೇರಿಸಿದೆವು. ಹೆಚ್ಚುವರಿ ಬ್ಯಾಟರಿಯನ್ನೂ ಬಾಡಿಗೆ ಪಟ್ಟಿಗೆ ಹಾಕಿದೆವು.

ಮೂರು ದಿನಕ್ಕೆ ಕ್ಯಾಮೆರಾಮನ್, ಸಹಾಯಕ, ಸೌಂಡಿನವರು ಸೇರಿ 33,000. ಸಲಕರಣೆ ಬಾಡಿಗೆ 21,000. ಬೆಂಗಳೂರಿಂದ ವ್ಯಾನು 12,000. ಬಟ್ಟೆಬರೆ, ಸಾಮಾನು, ಕುರಿ ಬಾಡಿಗೆ 7,200. ಎಡಿಟಿಂಗ್, ಸೌಂಡ್ ಮಿಕ್ಸಿಂಗ್, ಬಣ್ಣ ತಿದ್ದೋದು ಸೇರಿ 30,000.

"ಊಟ?" ಅಂದೆ.

"ನೀನು ಮಾಡ್ತೀಯಲ್ಲಮ್ಮ, ಅದಕ್ಕೆ ಹಾಕಿಲ್ಲ."

ಮನಸ್ಸಿಗೆ ಚುಚ್ಚಿತು. ಮೂವತ್ತು ವರ್ಷ ಈ ಮನೆಯಲ್ಲಿ ಬರೆಯದೇ ಉಳಿದ ಲೆಕ್ಕ ಅದು. ಆದರೂ ಮೆಲ್ಲಗೆ ಹೇಳಿದೆ, "ಹನ್ನೆರಡು ಜನ, ಮೂರು ದಿನ. ಮುದ್ದೆ, ಹುರುಳಿ ಸಾರು ಅಂದ್ರೂ ಸಾಮಾನು ಅಂಗಡಿಯಿಂದಲೇ ಬರ್ಬೇಕು ಕಣೋ."

ತಲೆಗೆ ದಿನಕ್ಕೆ 250ರಂತೆ 9,000 ಬರೆದ. ಗೆರೆಯ ಕೆಳಗಿನದು 1,15,000, ಎರಡೂ ಸೇರಿ 1,60,000 ಆಯಿತು. ಅದರ ಮೇಲೆ ಶೇಕಡಾ 10 ಅಂದರೆ 16,000 ಆಕಸ್ಮಿಕ ವೆಚ್ಚಕ್ಕೆ. ಒಟ್ಟು 1,76,000.

ಮಗ ನಿರಾಳವಾದ. ನನಗೆ ಮಾತ್ರ ಆ 16,000 ಸಮಾಧಾನ ಕೊಡಲಿಲ್ಲ. ಒಂದು ದಿನ ಹೆಚ್ಚಾದರೆ ಜನಕ್ಕೆ 11,000, ಸಲಕರಣೆಗೆ 7,000, ಊಟಕ್ಕೆ 3,000 ಅಂದರೆ 21,000 ಬೇಕು. ಆಕಸ್ಮಿಕಕ್ಕೆ ಇಟ್ಟ ದುಡ್ಡು ಒಂದು ದಿನಕ್ಕೂ ಸಾಲದು! ಮಳೆಯೋ ಗಾಳಿಯೋ ಬಂದು ಬೆಟ್ಟದ ದೃಶ್ಯ ಕೈಕೊಟ್ಟರೆ? ಹಣ ಹೆಚ್ಚಿಗೆ ಕೇಳುವ ಬದಲು ವೇಳಾಪಟ್ಟಿ ಬದಲಿಸಿದೆವು. ಕೊನೆಯ ದಿನಕ್ಕಿದ್ದ ಬೆಟ್ಟವನ್ನು ಮೊದಲ ದಿನಕ್ಕೆ ತಂದೆವು. ಅವತ್ತು ಕೆಟ್ಟರೆ ಮನೆಯೊಳಗಿನ ದೃಶ್ಯ ಮುಗಿಸಿ, ಮಾರನೇ ದಿನ ಹತ್ತಬಹುದು. ಆಗ ಹೊರುವವರ ಕೂಲಿಯಂಥ ಸಣ್ಣ ಖರ್ಚಷ್ಟೇ ಎರಡು ಸಲ ಬೀಳುತ್ತೆ.

ಅರ್ಜಿ ಕಳಿಸುವ ರಾತ್ರಿ ಕೊನೇ ಸಲ ಕೂಡಿ ನೋಡಲು ಕೂತೆ. ಕೇಳಿದ ನಗದು 1,48,000 ಅಂತಿತ್ತು. ಮಗನ 25,000 ಕಳೆದರೆ 1,51,000 ಆಗಬೇಕಿತ್ತಲ್ಲ, 3,000 ಎಲ್ಲಿ ಹೋಯಿತು ಅಂತ ಕನ್ನಡಕ ಸರಿಮಾಡಿಕೊಂಡು ಮತ್ತೆ ಮೇಲಿಂದ ನೋಡಿದೆ. ಊಟದ ಸಾಲನ್ನು ಮಗ ಎರಡು ಮಾಡಿದ್ದ. ದಿನಸಿ, 6,000. ಅದರ ಕೆಳಗೆ, ಅಡುಗೆ ಕೂಲಿ, ಮೂರು ದಿನ, 3,000, ಸ್ವಂತ ಕೊಡುಗೆ. ಪಕ್ಕದಲ್ಲಿ ನನ್ನ ಹೆಸರು.

ಉತ್ತರ ಇನ್ನೂ ಬಂದಿಲ್ಲ. ಆ ಹಾಳೆಯ ಒಂದು ಪ್ರತಿಯನ್ನು ಸೊಸೈಟಿಯ ಹಳೇ ಲೆಕ್ಕದ ಪುಸ್ತಕದೊಳಗೆ ಇಟ್ಟುಕೊಂಡಿದ್ದೇನೆ.