ದನಿ ಕೇಳಿಸದ ಆ ಹೊತ್ತು

ಮೇ 12, ಶುಕ್ರವಾರ, ರಾತ್ರಿ

ನಾಳೆ ವರಪೂಜೆ. ಮೊಮ್ಮಗಳ ಮದುವೆ ಅಂತ ಹಿಗ್ಗಬೇಕು, ಆದರೆ ಹೆದರಿಕೆಯೇ ಹೆಚ್ಚಾಗಿದೆ. ಮನೆಯಲ್ಲಾದರೆ ಹೇಗೋ ನಡೆಯುತ್ತದೆ. ಸೊಸೆ ಚಪ್ಪಲಿ ಎಳೆದುಕೊಂಡು ನಡೆಯುತ್ತಾಳೆ, ಮಗ ಬಾಗಿಲಲ್ಲೇ ಗಂಟಲು ಸರಿಮಾಡಿಕೊಳ್ಳುತ್ತಾನೆ. ಛತ್ರದಲ್ಲಿ ಎಲ್ಲರಿಗೂ ಹೊಸ ರೇಷ್ಮೆ ಸೀರೆ, ಎಲ್ಲರ ಮುಡಿಯಲ್ಲೂ ಮಲ್ಲಿಗೆ.

ಸ್ಟ್ರೋಕ್ ಆದಮೇಲೆ ಹೀಗೆ. ಡಾಕ್ಟರು ಪ್ರೊಸೊಪಾಗ್ನೋಸಿಯಾ ಅಂದರು. ಕಣ್ಣಿನ ದೋಷವಲ್ಲ, ಕನ್ನಡಕ ಬದಲಿಸಿ ಪ್ರಯೋಜನವಿಲ್ಲ. ಮಿದುಳಿನ ಬಲಗಡೆ, ಹಿಂಭಾಗದ ತಳದಲ್ಲಿ, ಮುಖದ ಗುರುತು ಹಿಡಿಯುವ ಜಾಗಕ್ಕೆ ಪೆಟ್ಟು ಬಿದ್ದಿದೆಯಂತೆ. ಮೂಗು ಕಾಣುತ್ತದೆ, ಕಣ್ಣು ಕಾಣುತ್ತದೆ, ನಗುತ್ತಿರುವುದೂ ತಿಳಿಯುತ್ತದೆ. ನಗುತ್ತಿರುವವರು ಯಾರು, ಅದು ಮಾತ್ರ ತಿಳಿಯುವುದಿಲ್ಲ.

ಮೇ 13, ಶನಿವಾರ, ರಾತ್ರಿ 11

“ನಾನ್ಯಾರು ಹೇಳಿ ನೋಡೋಣ?” ಬಂದವರೆಲ್ಲ ಇದನ್ನೇ ಕೇಳಿದರು. ಪ್ರೀತಿಯಿಂದಲೇ ಕೇಳುತ್ತಾರೆ, ನನಗೆ ಕೈಕಾಲು ತಣ್ಣಗಾಗುತ್ತದೆ. ಆ ಒಂದು ಮಾತಿನಲ್ಲಿ ದನಿ ಸಿಗುವುದಿಲ್ಲ, ಬೇಕೆಂದೇ ಬದಲಿಸಿ ಕೇಳುವವರೂ ಇದ್ದಾರೆ. “ಪ್ರಯಾಣ ಹೇಗಾಯ್ತು?” ಅಂತ ಕೇಳಿಬಿಡುತ್ತೇನೆ. ಬಸ್ಸು, ಬಿಸಿಲು, ಊಟ ಅಂತ ಮಾತು ಉದ್ದವಾದರೆ ಸಾಕು, ಎಳೆ ಸಿಕ್ಕಿಬಿಡುತ್ತದೆ. ಅತ್ತಿಗೆಯ ಮಗಳು “ಅಲ್ವಾ” ಅನ್ನುವಾಗ ಉಸಿರು ಒಳಗೆಳೆಯುತ್ತಾಳೆ. ಹಿಡಿದೆ. ಎಷ್ಟು ಖುಷಿಪಟ್ಟಳು!

ತಮ್ಮನಿಗೆ ಶೀತ, ದನಿಯೇ ಬಿದ್ದುಹೋಗಿದೆ. ಪಕ್ಕದಲ್ಲೇ ಕೂತಿದ್ದ. ನಶ್ಯದ ವಾಸನೆ ಬಂತು, ಅದರಿಂದ ಗೊತ್ತಾಯಿತು.

ಮೇ 14, ಭಾನುವಾರ, ಮಧ್ಯಾಹ್ನ

ಧಾರೆ ಆಯಿತು. “ಗಟ್ಟಿಮೇಳ, ಗಟ್ಟಿಮೇಳ” ಅಂತ ಪುರೋಹಿತರು ಕೂಗಿದ್ದೇ ತಡ, ಡೋಲು, ನಾದಸ್ವರ ಒಟ್ಟಿಗೆ ಎದ್ದವು. ಒಬ್ಬರ ದನಿಯೂ ಉಳಿಯಲಿಲ್ಲ. ಅಕ್ಷತೆ ಹಿಡಿದು ಕೂತೇ ಇದ್ದೆ.

ಆಗ ಒಬ್ಬಳು ಬಂದಳು. ಹಸಿರು ಸೀರೆ. ನನ್ನ ಎರಡೂ ಕೈ ಹಿಡಿದು ಏನೋ ಅಂದಳು. ಕಣ್ಣಲ್ಲಿ ನೀರಿತ್ತು, ತುಟಿ ಅದುರುತ್ತಿತ್ತು. ಎಲ್ಲರಿಗೂ ನಗುವ ಹಾಗೆ ಅವಳಿಗೂ ನಕ್ಕೆ. ಸ್ವಲ್ಪ ಹೊತ್ತು ನಿಂತಳು. ವಾದ್ಯ ನಿಲ್ಲುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಸಂಜೆ

ಊಟದ ಪಂಕ್ತಿಯಲ್ಲೆಲ್ಲ ಹಸಿರು ಸೀರೆಯವರನ್ನು ಮಾತಾಡಿಸಿದೆ. ಯಾರ ಕೈಯೂ ಅಷ್ಟು ಒರಟಾಗಿರಲಿಲ್ಲ.

ಮೇ 15, ಸೋಮವಾರ

ಸೊಸೆ ಹೇಳಿದಳು. ಬಂದಿದ್ದವಳು ನನ್ನ ವಾರಗಿತ್ತಿ. ತೋಟ ಪಾಲಾದಾಗಿನಿಂದ ಮಾತಿಲ್ಲ. “ಮುಖ ನೋಡಿದರು, ಹೆಸರು ಹಿಡಿದೂ ಕರೆಯಲಿಲ್ಲ” ಅಂದಳಂತೆ, ಊಟಕ್ಕೂ ನಿಲ್ಲದೆ ಹೋದಳಂತೆ. ನನ್ನ ಕಾಯಿಲೆ ಅವಳಿಗೆ ಯಾರೂ ಹೇಳಿಲ್ಲ. ಹೇಳಿದರೂ ನಂಬುತ್ತಾಳೋ? ಸೂಜಿಗೆ ದಾರ ಪೋಣಿಸುವವಳಿಗೆ ಮುಖ ಕಾಣದೆ ಇರುತ್ತದೆಯೇ ಅನ್ನುತ್ತಾಳೆ.

ರಾತ್ರಿ

ಮಗ ನಂಬರು ಬರೆದುಕೊಟ್ಟಿದ್ದಾನೆ. ಫೋನಿನಲ್ಲಾದರೆ ನಾನೂ ಎಲ್ಲರ ಹಾಗೆಯೇ. ಅವಳ “ಹಲೋ” ಕೇಳಿದ ಮೇಲೆ ಮಾತಾಡಲೇ, ನಾನೇ ಮೊದಲು ಹೆಸರು ಹಿಡಿದು ಕರೆಯಲೇ? ಅಷ್ಟು ವರ್ಷವಾಯಿತು, ದನಿಯೂ ಬದಲಾಗಿದ್ದರೆ?